ನಡುವೆ ಯಾರೂ ಇಲ್ಲ

ಹಣ ಹೂಡುವವರ ಮುಂದೆ ನಿಲ್ಲಲು ಇನ್ನು ಒಂದೇ ದಿನ ಬಾಕಿ. ಅವರಿಗೆ ತೋರಿಸಿ ಹಣ ಕೇಳಬೇಕಾದ ಹನ್ನೆರಡು ಪುಟಗಳ ಪಿಚ್‌ನಲ್ಲಿ ಹನ್ನೊಂದು ಮುಗಿದಿದ್ದವು. ಬರೆಯುತ್ತಿದ್ದವಳನ್ನು ಶೆಡ್ಡಿನಲ್ಲಿ ಎಲ್ಲರೂ ಪೆನ್ನಮ್ಮ ಎನ್ನುತ್ತಿದ್ದರು. ಕಂಪ್ಯೂಟರಿನಲ್ಲೇ ಬರೆದರೂ ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೆ. ಮೊದಲು ಬೀಜದ ಪೊಟ್ಟಣಗಳ ಹಿಂಬದಿಯ ಸೂಚನೆ ಬರೆಯುವ ಕೆಲಸದಲ್ಲಿದ್ದವಳು. ಅಣ್ಣನ ಹೆಂಡತಿ ಈ ಕಂಪನಿ ಶುರು ಮಾಡಿದಾಗ, "ಮೂರು ಸಾಲಲ್ಲಿ ರೈತನಿಗೆ ಅರ್ಥ ಆಗೋ ಹಾಗೆ ಬರೀತೀಯಲ್ಲ, ಇನ್ನು ಮೇಲೆ ದುಡ್ಡಿರೋರಿಗೆ ಬರಿ" ಎಂದು ಕರೆದುಕೊಂಡಿದ್ದಳು.

ಅತ್ತಿಗೆ ಒಂಬತ್ತು ವರ್ಷ ದೊಡ್ಡ ಹೋಟೆಲುಗಳಿಗೆ ತರಕಾರಿ ಕೊಂಡು ಕೊಟ್ಟವಳು. ರೈತನಿಗೆ ಸಿಗುವ ಬೆಲೆಗೂ ಹೋಟೆಲು ತೆರುವ ಬೆಲೆಗೂ ಅಜಗಜಾಂತರ ಎಂಬುದನ್ನು ದಿನವೂ ಕಣ್ಣಾರೆ ಕಂಡವಳು. ಅವಳ ಕಂಪನಿಯ ಲೆಕ್ಕ ಸರಳ. ನಾಳೆ ಎಷ್ಟು ಮಾಲು ಕೊಡಬಲ್ಲೆ ಎಂದು ರೈತ ಹಿಂದಿನ ಸಂಜೆಯೇ ಫೋನಿನಲ್ಲಿ ಹೇಳುತ್ತಾನೆ. ಪಟ್ಟಣದ ಹೋಟೆಲು, ಅಂಗಡಿಗಳು ಆ್ಯಪಿನಲ್ಲಿ ಆರ್ಡರು ಹಾಕುತ್ತವೆ. ಬೆಳಿಗ್ಗೆ ಶೆಡ್ಡಿನಲ್ಲಿ ತೂಕ ಮಾಡಿ, ದರ್ಜೆ ವಿಂಗಡಿಸಿ, ಗಾಡಿಗೆ ತುಂಬುತ್ತಾರೆ. ಪಿಚ್‌ನ ಮೊದಲ ಪುಟದಲ್ಲಿ ಪೆನ್ನಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದಳು: 'ಹೊಲದಿಂದ ಅಡುಗೆಮನೆಗೆ. ನಡುವೆ ಯಾರೂ ಇಲ್ಲ.'

ಉಳಿದ ಪುಟಗಳಲ್ಲಿ ಮಾರುಕಟ್ಟೆಯ ಗಾತ್ರ, ಸಾಗಣೆ ಮತ್ತು ಕೊಳೆತದ್ದು ಕಳೆದು ಕಿಲೋಗೆ ಉಳಿಯುವುದೆಷ್ಟು, ಪೈಪೋಟಿಯಲ್ಲಿ ಯಾರಿದ್ದಾರೆ, ಕೇಳುತ್ತಿರುವ ಹಣ ಯಾವುದಕ್ಕೆ ಎಂಬುದೆಲ್ಲ ಇತ್ತು. ಏಳನೇ ಪುಟದ ಗ್ರಾಫಿನ ಗೆರೆಯಂತೂ ಕಣ್ಣಿಗೆ ಹಬ್ಬ. ಒಂದೂವರೆ ವರ್ಷ ಆಮೆಯಂತೆ ತೆವಳಿ, ಕಳೆದ ಎರಡೂವರೆ ತಿಂಗಳಲ್ಲಿ ಮಾಲು ಇಮ್ಮಡಿಯಾಗಿತ್ತು. ಕೊನೆಯ ಪುಟಕ್ಕೆ ಒಬ್ಬ ರೈತನ ಕಥೆ ಬೇಕು ಎಂದಿದ್ದಳು ಅತ್ತಿಗೆ. "ಅಂಕಿ ನೋಡಿ ತಲೆ ಆಡಿಸ್ತಾರೆ ಕಣೇ. ಮನುಷ್ಯನ್ನ ನೋಡಿದ್ರೇನೇ ಜೇಬಿಗೆ ಕೈ ಹಾಕೋದು."

ಊಟದ ಹೊತ್ತಿಗೆ ಶೆಡ್ಡಿನ ಹಿಂದಿನ ಪುಟ್ಟ ಕೋಣೆಯಲ್ಲಿ ಕೂತು ಪೆನ್ನಮ್ಮ ಪಟ್ಟಿ ತೆರೆದಳು. ಕಳೆದ ತಿಂಗಳು ಅತಿ ಹೆಚ್ಚು ಮಾಲು ಕೊಟ್ಟ ರೈತನಿಗೆ ಫೋನ್ ಮಾಡಿದಳು.

"ಹೇಳಿ" ಎಂದಿತು ಒಂದು ಗಂಡು ದನಿ, ಒಣಗೆಮ್ಮಿನ ಜತೆ.

ತಾನು ಯಾರು, ಯಾಕೆ ಎಂದು ಹೇಳಿದಳು. ಎಷ್ಟು ಜಮೀನು, ಏನು ಬೆಳೆ ಎಂದು ಕೇಳಿದ್ದಕ್ಕೆ ಆತ, "ಈಗ ಪುರುಸೊತ್ತಿಲ್ಲಮ್ಮ" ಎಂದು ಇಟ್ಟುಬಿಟ್ಟ. ಸರಿ, ಎರಡನೆಯ ಹೆಸರು. ಬೇರೆ ನಂಬರು.

"ಹೇಳಿ." ಅದೇ ಕೆಮ್ಮು.

ಅಣ್ಣತಮ್ಮಂದಿರಿರಬಹುದು ಎಂದುಕೊಂಡಳು. ಮೂರನೆಯ ಹೆಸರು ಒಬ್ಬ ಹೆಂಗಸಿನದು. ಅದಕ್ಕೂ ಅವನೇ ಓಗೊಟ್ಟ. ಈ ಸಲ ಅವನ ದನಿಯಲ್ಲಿ ಗಡಿಬಿಡಿ ಇರಲಿಲ್ಲ.

"ಮತ್ತೆ ನೀವೇ. ಅಲ್ಲಮ್ಮ, ಒಂದೇ ದಿನದಲ್ಲಿ ಎಷ್ಟು ಸಲ ಮಾತಾಡಿಸ್ತೀರಾ? ನಿಮ್ಮ ತಕ್ಕಡಿಯವರನ್ನ ಕೇಳಿ, ಎಲ್ಲಾ ಹೇಳ್ತಾರೆ. ಒಂದು ಮಾತು ನೆನಪಿಟ್ಕೊಳ್ಳಿ. ನಾನು ಕೈ ಎತ್ತಿದ್ರೆ ನಾಳೆ ನಿಮ್ಮ ಗಾಡಿ ಅರ್ಧ ಖಾಲಿ ಹೋಗುತ್ತೆ."

ಫೋನಿಟ್ಟು ಪೆನ್ನಮ್ಮ ಪಟ್ಟಿಯನ್ನು ಫೋನ್ ನಂಬರಿನ ಪ್ರಕಾರ ಜೋಡಿಸಿ ನೋಡಿದಳು. ಆರುನೂರ ನಲವತ್ತು ಹೆಸರುಗಳಲ್ಲಿ ನಲವತ್ತಮೂರಕ್ಕೆ ಇದ್ದದ್ದು ನಾಲ್ಕೇ ನಂಬರು. ಹಣ ಹೋಗುತ್ತಿದ್ದದ್ದು ಎರಡೇ ಖಾತೆಗೆ. ಆ ನಲವತ್ತಮೂರು ಹೆಸರುಗಳಿಂದ ಬರುತ್ತಿದ್ದ ಮಾಲು, ವಾರದ ಒಟ್ಟು ಮಾಲಿನಲ್ಲಿ ನೂರಕ್ಕೆ ಐವತ್ತೆರಡು. ಏಳನೇ ಪುಟದ ಗೆರೆ ಮೇಲೆದ್ದ ವಾರವೇ ಆ ಹೆಸರುಗಳೂ ಪಟ್ಟಿಗೆ ಸೇರಿದ್ದವು. ಫೋನಿಗೆ ಓಗೊಟ್ಟವನು ರೈತನಲ್ಲ, ಸಗಟು ಮಾರುಕಟ್ಟೆಯ ದಲ್ಲಾಳಿಯೇ ಇರಬೇಕು.

ತಕ್ಕಡಿ ಮಾವ ಎಂದು ಶೆಡ್ಡಿನವರು ಕರೆಯುತ್ತಿದ್ದವನು ಅತ್ತಿಗೆಯ ಸೋದರಮಾವ. ಶೆಡ್ಡಿನ ತೂಕ, ನೋಂದಣಿ, ಗಾಡಿ ಎಲ್ಲ ಅವನದೇ ಉಸ್ತುವಾರಿ. ಪೆನ್ನಮ್ಮ ಹೋದಾಗ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅವಳ ಮುಖ ನೋಡಿಯೇ ಕೈ ನಿಲ್ಲಿಸಿದ.

"ಮಾವ, ಆ ನಲವತ್ತಮೂರು ಜನ ಯಾರು?"

ಅವನು ಬಾಗಿಲ ಕಡೆ ನೋಡಿದ. ಆಮೇಲೆ ಕ್ರೇಟೊಂದನ್ನು ಬೋರಲು ಹಾಕಿ ಕೂತ. "ಆ ಜಡಿಮಳೆ ವಾರ ನೆನಪಿದ್ಯಾ? ಯಾರೂ ಹೊಲಕ್ಕಿಳಿಯೋ ಹಾಗಿರಲಿಲ್ಲ. ಹನ್ನೊಂದು ಹೋಟೆಲು ಕಾಯ್ತಾ ಇದ್ವು. ಒಂದು ದಿನ ತಪ್ಪಿದ್ರೆ ಬಿಡ್ತೀವಿ ಅಂದಿದ್ರು. ನಂಗೆ ಕೈಕಾಲು ಆಡಲಿಲ್ಲ ಪೆನ್ನಮ್ಮ. ಅವನು ಬಂದು ಮಾಲು ಕೊಡ್ತೀನಿ ಅಂದ. ಒಂದೇ ವಾರ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಅವನು ಬಿಡಲಿಲ್ಲ. ದಿನಾ ತಗೋ, ಇಲ್ಲಾಂದ್ರೆ ನಿಮ್ಮಕ್ಕನ ಮಗಳಿಗೆ ಹೇಳ್ತೀನಿ ಅಂದ. ಒಂದೇ ಹೆಸರಲ್ಲಿ ಅಷ್ಟು ಮಾಲು ಬರೆದ್ರೆ ಕಣ್ಣಿಗೆ ಬೀಳುತ್ತಲ್ಲ, ಅದಕ್ಕೆ ಹೆಸರು ಹಂಚಿದ್ದು." ಐವತ್ತೆಂಟರ ಆ ಮನುಷ್ಯ ಬಯ್ಗುಳಕ್ಕೆ ಕಾಯುವ ಮಗುವಿನಂತೆ ತಲೆ ತಗ್ಗಿಸಿದ. ಪೆನ್ನಮ್ಮನಿಗೆ ಸಿಟ್ಟು ಬರಲಿಲ್ಲ. ಭಯವಷ್ಟೇ ಇನ್ನೂ ಹೆಚ್ಚಿತು. ಸಿಟ್ಟಾದರೂ ಬಂದಿದ್ದರೆ ಆಸರೆಯಾಗುತ್ತಿತ್ತೇನೋ.

ಸಂಜೆ ಅತ್ತಿಗೆ ಪಟ್ಟಣದಿಂದ ಬಂದಳು. ಚಪ್ಪಲಿಯನ್ನೂ ಬಿಡದೆ, ಪೆನ್ನಮ್ಮ ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡಳು.

"ಯಾರ್ಯಾರಿಗೆ ಗೊತ್ತು?"

"ನಂಗೆ, ಮಾವಂಗೆ. ಈಗ ನಿಮಗೆ."

"ಹಾಗೇ ಇರ್ಲಿ."

"ಅತ್ತಿಗೆ, ಅವ್ರು ದುಡ್ಡು ಹಾಕೋ ಮೊದ್ಲು ಎಲ್ಲಾ ಕೆದಕಿ ನೋಡ್ತಾರೆ. ಪಟ್ಟಿ ಕೇಳ್ತಾರೆ, ಖಾತೆ ಕೇಳ್ತಾರೆ. ಸಿಕ್ಕಿಬಿದ್ರೆ..."

"ಕೆದಕೋದು ನಾಳೆ ಅಲ್ವಲ್ಲ. ನಾಳೆ ಅವ್ರು ಹೂಂ ಅನ್ಲಿ. ಅಷ್ಟರೊಳಗೆ ಅವನನ್ನ ನಾನೇ ಬೇರು ಸಮೇತ ಕಿತ್ತು ಹಾಕ್ತೀನಿ." ನೀರಿನ ಲೋಟ ಎತ್ತಿಕೊಂಡಳು. "ಹದಿನಾಲ್ಕು ಜನ ಇದ್ದಾರೆ ಕಣೇ ಇಲ್ಲಿ. ಈ ಸಲ ಇಲ್ಲ ಅಂದ್ರೆ ಎರಡು ತಿಂಗಳಲ್ಲಿ ಬಾಗಿಲು ಹಾಕ್ಬೇಕು. ನಂಗೇನು ಭಯ ಇಲ್ಲ ಅಂದ್ಕೊಂಡ್ಯಾ?"

ಅತ್ತಿಗೆಯ ಬಾಯಲ್ಲಿ ಆ ಮಾತನ್ನು ಪೆನ್ನಮ್ಮ ಎಂದೂ ಕೇಳಿರಲಿಲ್ಲ. ಏಳನೇ ಪುಟವನ್ನು ಹಾಗೇ ಬಿಟ್ಟಳು. ಆದರೆ ಹನ್ನೆರಡನೇ ಪುಟಕ್ಕೆ ಇನ್ನೊಬ್ಬರಿಗೆ ಫೋನ್ ಮಾಡುವ ಎದೆಗಾರಿಕೆ ಉಳಿದಿರಲಿಲ್ಲ. ಮತ್ತೆ ಅದೇ ಕೆಮ್ಮು ಕೇಳಿಸಿದರೆ? ಆರು ತಿಂಗಳ ಹಿಂದೆ ಶೆಡ್ಡಿನಲ್ಲಿ ಮಾತಾಡಿಸಿದ್ದ, ಬೀನ್ಸ್ ಬೆಳೆಯುವ ಒಬ್ಬ ಹೆಂಗಸಿನ ಮಾತುಗಳು ಹಳೆಯ ನೋಟುಪುಸ್ತಕದಲ್ಲಿದ್ದವು. ಅವನ್ನೇ ತಿದ್ದಿ ಬರೆದು, ಫೋಟೋ ಅಂಟಿಸಿ ಮುಗಿಸಿದಳು.

ಮರುದಿನ ಹನ್ನೊಂದಕ್ಕೆ ಭೇಟಿ. ಒಂಬತ್ತನೇ ಮಹಡಿಯ ಗಾಜಿನ ಕೋಣೆ, ಉದ್ದನೆಯ ಮೇಜು, ಯಾರೂ ಮುಟ್ಟದ ನೀರಿನ ಬಾಟಲಿಗಳು. ಎದುರಿಗೆ ಇಬ್ಬರು. ಲ್ಯಾಪ್‌ಟಾಪಿನಿಂದ ತಲೆಯೆತ್ತದ ಒಬ್ಬ ತರುಣ, ಹಿಂದೆ ತಾನೇ ಶೀತಲಗೃಹ ನಡೆಸಿದ್ದ ನರೆಗೂದಲ ಹೆಂಗಸು. ಅತ್ತಿಗೆ ಚೆನ್ನಾಗಿಯೇ ಮಾತಾಡಿದಳು. ಏಳನೇ ಪುಟ ಬಂದಾಗ ತರುಣ ತಲೆಯೆತ್ತಿದ.

"ಒಳ್ಳೇ ಏರಿಕೆ," ಎಂದ ಅವನು. "ಹೇಗೆ ಸಾಧ್ಯ ಆಯ್ತು?"

"ಬಾಯಿಂದ ಬಾಯಿಗೆ ಹರಡ್ತು," ಎಂದಳು ಅತ್ತಿಗೆ.

ನರೆಗೂದಲ ಹೆಂಗಸು ಹನ್ನೆರಡನೇ ಪುಟ ಬಂದಾಗ ಆ ಫೋಟೋವನ್ನೇ ನೋಡುತ್ತಾ, "ಇವರ ನಂಬರ್ ಇದ್ಯಾ? ಒಂದ್ನಿಮಿಷ ಮಾತಾಡೋಣ" ಎಂದಳು.

ಅತ್ತಿಗೆ ಪೆನ್ನಮ್ಮನ ಕಡೆ ತಿರುಗಿದಳು. ಆ ಕಣ್ಣಿನಲ್ಲಿದ್ದ ಪ್ರಶ್ನೆ ಒಂದೇ: ಇವಳು ನಿಜವಾದವಳು ತಾನೇ? ಪೆನ್ನಮ್ಮ ಹೌದೆಂಬಂತೆ ರೆಪ್ಪೆ ಬಡಿದಳು. ನಂಬರು ಒತ್ತಿ ಫೋನನ್ನು ಮೇಜಿನ ನಡುವೆ ಇಟ್ಟಳು.

"ಯಾರು?" ಎಂದಿತು ದನಿ. ಹಿನ್ನೆಲೆಯಲ್ಲಿ ಪಂಪಿನ ಸದ್ದು.

ನರೆಗೂದಲ ಹೆಂಗಸು ಪರಿಚಯ ಹೇಳಿಕೊಂಡು, ಇವರ ಕೆಲಸ ಹೇಗಿದೆ ಎಂದು ಕೇಳಿದಳು.

"ಒಳ್ಳೆ ಜನ ಕಣಮ್ಮ. ತೂಕದಲ್ಲಿ ಮೋಸ ಇಲ್ಲ. ಮೂರನೇ ದಿನಕ್ಕೆ ದುಡ್ಡು ಬಂದುಬಿಡುತ್ತೆ. ಆದ್ರೆ ಎರಡು ತಿಂಗಳಿಂದ ನನ್ನ ಮಾಲು ಸರಿಯಾಗಿ ತಗೋತಿಲ್ಲ. ಗಾಡಿ ತುಂಬೋಯ್ತು, ಗಾಡಿ ತುಂಬೋಯ್ತು ಅಂತಾರೆ. ನಾನೊಬ್ಬಳೇ ಅಲ್ಲ, ಇಲ್ಲಿ ಎಂಟು ಮನೆಯವರು ವಾಪಸ್ ಸಂತೆಗೇ ಹೋಗಿದ್ದಾರೆ. ನಮ್ಮಿಂದೇನಾದ್ರೂ ತಪ್ಪಾಯ್ತಾ ಅಂತ ಕೇಳೋಣ ಅಂದ್ರೆ ಹೆದರಿಕೆ. ಇರೋದೂ ನಿಲ್ಲಿಸಿಬಿಟ್ರೆ?"

ಪೆನ್ನಮ್ಮನಿಗೆ ಇದು ಗೊತ್ತಿರಲಿಲ್ಲ. ದಲ್ಲಾಳಿಯ ಮಾಲು ಗಾಡಿಗೆ ಹೆಚ್ಚಿಗೆ ಬಂದು ಸೇರಿದೆ ಎಂದಷ್ಟೇ ತಿಳಿದಿದ್ದಳು. ಅದು ಯಾರ ಜಾಗದಲ್ಲಿ ಕೂತಿದೆ ಎಂದು ಯೋಚಿಸಿರಲಿಲ್ಲ. ಪಟ್ಟಿಯಲ್ಲಿ ಹೆಸರುಗಳೆಲ್ಲ ಇದ್ದವು, ಆದರೆ ಅವರಲ್ಲಿ ಹಲವರು ಬರುವುದನ್ನೇ ನಿಲ್ಲಿಸಿದ್ದರು. ತಾನು ನಿನ್ನೆ ಇವಳಿಗೆ ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು.

ಕರೆ ಮುಗಿಯಿತು. "ಮಾಲು ಇಮ್ಮಡಿ ಆಗಿದೆ, ರೈತರು ವಾಪಸ್ ಹೋಗ್ತಿದ್ದಾರೆ," ಎಂದಳು ನರೆಗೂದಲ ಹೆಂಗಸು ಮೆಲ್ಲಗೆ. "ಹಾಗಾದ್ರೆ ಗಾಡೀಲಿ ಇರೋದು ಯಾರದ್ದು?"

ಪೆನ್ನಮ್ಮನಿಗೆ ಎದ್ದು ಓಡಿಹೋಗಲೇ ಅನಿಸಿತು. ಅದರ ಬದಲು ಅವಳ ಬಾಯಿಂದ, ತನಗೇ ಗುರುತು ಸಿಗದ ಸಣ್ಣ ದನಿಯಲ್ಲಿ, ಮಾತು ಬಂತು.

"ದಲ್ಲಾಳಿದು. ನೂರಕ್ಕೆ ಐವತ್ತೆರಡು ಪಾಲು. ನಂಗೆ ಗೊತ್ತಾಗಿದ್ದು ನಿನ್ನೆ. ಗೊತ್ತಾದ ಮೇಲೂ ಏಳನೇ ಪುಟ ನಾನು ತಿದ್ದಲಿಲ್ಲ."

"ಅವಳಿಗೆ ಹಾಗೇ ಬಿಡು ಅಂದಿದ್ದು ನಾನು," ಎಂದಳು ಅತ್ತಿಗೆ, ತಕ್ಷಣ. "ಅವನನ್ನ ತೆಗೆದ್ರೆ ಮಾಲು ಎರಡೂವರೆ ತಿಂಗಳ ಹಿಂದೆ ಇದ್ದಷ್ಟೂ ಇರಲ್ಲ. ನಮ್ಮದು ಅಂತ ಇರೋದು ಅಷ್ಟೇ."

ತರುಣ ಲ್ಯಾಪ್‌ಟಾಪು ಮುಚ್ಚಿದ. ನರೆಗೂದಲ ಹೆಂಗಸು ಫೋನನ್ನು ಪೆನ್ನಮ್ಮನ ಕಡೆಗೆ ಸರಿಸಿದಳು. "ಇವತ್ತು ನನ್ನ ಉತ್ತರ ಇಲ್ಲ ಅಂತಲೇ. ನೀವು ನಿಜ ಹೇಳಿದ್ದು ನಾನು ಕೇಳಿದ ಮೇಲೆ ಅನ್ನೋದನ್ನ ಮರೆಯಲ್ಲ. ಅವನನ್ನ ಬಿಡಿಸ್ಕೊಳ್ಳಿ. ಹೋದ ರೈತರಲ್ಲಿ ಎಷ್ಟು ಜನ ವಾಪಸ್ ಬರ್ತಾರೆ ನೋಡಿ. ಎರಡು ತಿಂಗಳು ಬಿಟ್ಟು ಆ ಅಂಕಿ ತಗೊಂಡು ಬನ್ನಿ. ಎಷ್ಟೇ ಸಣ್ಣದಿರಲಿ, ನಂಗೆ ಅದೇ ಬೇಕು."

ಆಮೇಲೆ ನಾಲ್ಕು ದಿನ ಅತ್ತಿಗೆ ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆದರೆ ಅಂದು ಮಧ್ಯಾಹ್ನವೇ ದಲ್ಲಾಳಿಗೆ ತಾನೇ ಫೋನ್ ಮಾಡಿ, ನಾಳೆಯಿಂದ ಬರಬೇಡ ಎಂದಳು. ಅವನು ಹೇಳಿದಂತೆಯೇ ಆಯಿತು. ಗಾಡಿ ಅರ್ಧ ಖಾಲಿ ಹೋಯಿತು. ಹನ್ನೊಂದು ಹೋಟೆಲುಗಳಲ್ಲಿ ಐದು ಬಿಟ್ಟುಹೋದವು. ಹದಿನಾಲ್ಕು ಜನರಲ್ಲಿ ನಾಲ್ವರನ್ನು ಕಳಿಸಬೇಕಾಯಿತು. ತಕ್ಕಡಿ ಮಾವ ಕೆಲಸ ಬಿಡುತ್ತೇನೆಂದಾಗ ಅತ್ತಿಗೆ, "ನಿನ್ನಿಂದ ಬಿಟ್ಟು ಹೋದವರನ್ನ ನೀನೇ ಕರ್ಕೊಂಡು ಬಾ, ಆಮೇಲೆ ನೋಡೋಣ" ಎಂದು ನೋಂದಣಿಯ ಕೆಲಸ ಮಾತ್ರ ಅವನಿಂದ ಕಿತ್ತುಕೊಂಡಳು. ಅವನೂ ಪೆನ್ನಮ್ಮನೂ ಮನೆಮನೆಗೆ ಹೋದರು. ಕೆಲವರು ನೀರು ಕೊಟ್ಟರು, ಕೆಲವರು ಅಂಗಳದಲ್ಲೇ ನಿಲ್ಲಿಸಿ ಕಳಿಸಿದರು. ಹಿಂತಿರುಗಿದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಎರಡು ತಿಂಗಳ ನಂತರ ಅದೇ ಕೋಣೆಗೆ ಹೋದರು. ಏಳನೇ ಪುಟದ ಗೆರೆ ಮಧ್ಯದಲ್ಲಿ ಬಾವಿಗೆ ಬಿದ್ದು, ತೆವಳುತ್ತಾ ಮೇಲೆ ಬರುತ್ತಿತ್ತು. ಬಿದ್ದದ್ದು ಯಾಕೆಂದು ಪಕ್ಕದಲ್ಲೇ ಪೆನ್ನಮ್ಮ ಎರಡು ಸಾಲಿನಲ್ಲಿ ಬರೆದಿದ್ದಳು. ತರುಣ ಬರಲೇ ಇಲ್ಲ. ನರೆಗೂದಲ ಹೆಂಗಸು ಒಂದೂವರೆ ಗಂಟೆ ಪ್ರಶ್ನೆ ಕೇಳಿ, ಅವರು ಕೇಳಿದ್ದರಲ್ಲಿ ಮೂರನೇ ಒಂದು ಭಾಗ ಕೊಡಲು ಒಪ್ಪಿದಳು. ಅದೂ ಎರಡು ಕಂತಿನಲ್ಲಿ. ಯಾವ ದಿನ ಬೇಕಾದರೂ ತಾನು ಹೇಳದೆ ಕೇಳದೆ ಶೆಡ್ಡಿಗೆ ಬಂದು ನಿಲ್ಲುವೆ ಎಂಬ ಷರತ್ತಿನ ಮೇಲೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಅತ್ತಿಗೆ ಕುಸಿದು ಕೂತಳು. ಪೆನ್ನಮ್ಮ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಇದು ಸಾಲುತ್ತಾ ಅತ್ತಿಗೆ?"

"ಗೊತ್ತಿಲ್ಲ ಕಣೇ," ಎಂದಳು ಅವಳು. "ಒಂದೈದು ನಿಮಿಷ ಸುಮ್ನೆ ಕೂತ್ಕೊಳ್ಳೋಣ."