ಬಣ್ಣದಕ್ಕನ ಬಡ್ತಿ

ಬಣ್ಣದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹನ್ನೊಂದು ವರ್ಷ ಒಂದೇ ಕುರ್ಚಿ ಸವೆಸಿದವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ತೊಟ್ಟಿಯಲ್ಲಿ ಕಲಸಿದ ಬಣ್ಣ ಡಬ್ಬಿಗಿಳಿಯಬೇಕಾದರೆ ಅವಳ ಸಹಿ ಬೇಕು. ದಪ್ಪ ಅಳೆಯುವುದು, ತಗಡಿಗೆ ಬಳಿದು ಒಣಗಿಸುವುದು, ಮಾದರಿ ತಗಡಿನ ಪಕ್ಕ ಹಿಡಿದು ಛಾಯೆ ಹೋಲಿಸುವುದು ಅವಳ ಕೆಲಸ. "ಬಣ್ಣದಕ್ಕ ಕಣ್ಮುಚ್ಚಿ ಮಾಡ್ತಾರೆ" ಎಂದು ಮೇಲಿನವರು ಹೊಗಳುತ್ತಿದ್ದರು. ಬಣ್ಣ ನೋಡುವ ಕೆಲಸವನ್ನು ಕಣ್ಮುಚ್ಚಿ ಮಾಡುವುದು ಹೊಗಳಿಕೆಯೋ ಬೈಗುಳವೋ ಎಂದು ಯಾರೂ ಯೋಚಿಸಿರಲಿಲ್ಲ.

ಅಂಥವಳಿಗೆ ಊರಾಚೆಯ ಹೊಸ ಕಾರ್ಖಾನೆಯಿಂದ ಕರೆ ಬಂತು. ಹುದ್ದೆ: ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಅವಳು ಪತ್ರ ಓದಿ ಮುಗಿಸುವುದರೊಳಗೆ ಗಂಡ ತನ್ನ ಅಕ್ಕ, ಭಾವ, ಇಬ್ಬರು ಚಿಕ್ಕಪ್ಪಂದಿರಿಗೆ ಫೋನ್ ಮಾಡಿ ಮುಗಿಸಿದ್ದ.

"ಒಪ್ಕೊಂಡ್ಯಾ?" ಎಂದ.

"ಇನ್ನೂ ಆ ಜಾಗಾನೇ ನೋಡಿಲ್ಲ ರೀ."

"ಮುಖ್ಯಸ್ಥೆ ಅಂದ್ಮೇಲೆ ನೋಡೋದೇನೇ?"

ಶನಿವಾರ ಅವಳು ಹೋಗಿ ನೋಡಿದಳು. ಯಜಮಾನರು ತಾವೇ ಕುರ್ಚಿ ಎಳೆದು ಕೂರಿಸಿದರು. ಗೋಡೆಯ ಮೇಲೆ, ವಿಭಾಗದಲ್ಲಿ ಯಾರ ಕೈಕೆಳಗೆ ಯಾರು ಎಂದು ತೋರಿಸುವ ದೊಡ್ಡ ಪಟ. ಮೇಲ್ತುದಿಯಲ್ಲಿ ಮುಖ್ಯಸ್ಥೆಯ ಚೌಕ, ಕೆಳಗೆ ಏಳು ಚೌಕ. ಆರರಲ್ಲಿ 'ಖಾಲಿ' ಎಂದು ಬರೆದಿತ್ತು. ಏಳನೆಯ ಚೌಕದವನು ಬಾಗಿಲ ಬಳಿಯೇ ನಿಂತಿದ್ದ. ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನ ಗೋದಾಮಿನಲ್ಲಿ ಡಬ್ಬಿ ಎಣಿಸುವುದು ಅವನ ಪಾಲು.

"ಉಳಿದವರು ಯಾವಾಗ ಬರ್ತಾರೆ ಸಾರ್?"

"ನೀವು ಬಂದ್ಮೇಲೆ ನೀವೇ ತಗೊಳ್ಳಿ. ಬಜೆಟ್ ಮುಂದಿನ ವರ್ಷ ನೋಡೋಣ."

"ಬ್ಯಾಚ್ ಕೆಟ್ಟಿದ್ರೆ ತಡೆಯೋ ಅಧಿಕಾರ ನಂದೇ ತಾನೆ?"

"ಅಯ್ಯೋ, ನಿಮ್ಮದೇ! ಉತ್ಪಾದನೆ ಮ್ಯಾನೇಜರನ್ನ ಒಂದು ಮಾತು ಕೇಳಿದ್ರಾಯ್ತು. ನೀವು ಅವರ ಕೈಕೆಳಗೇ ಅಲ್ವಾ."

ದಿನಕ್ಕೆ ಎಷ್ಟು ಡಬ್ಬಿ ಹೊರಬಿತ್ತು ಎನ್ನುವುದರ ಮೇಲೆ ಬೋನಸ್ ಪಡೆಯುವವನನ್ನು ಕೇಳಿ, ಡಬ್ಬಿ ತುಂಬುವುದನ್ನು ನಿಲ್ಲಿಸಬೇಕು! ಕುರಿ ಕಾಯೋಕೆ ತೋಳನ ಅಪ್ಪಣೆ ಕೇಳಿದ ಹಾಗೆ ಎಂದುಕೊಂಡಳು.

"ಎರಡು ವರ್ಷ ಆದ್ಮೇಲೆ ನಾನೇನಾಗಿರ್ತೀನಿ?"

"ನಾವು ಬೆಳೆದ ಹಾಗೆ ನೀವೂ ಬೆಳೀತೀರಮ್ಮ."

"ಮುಂಚೆ ಇದ್ದವರು ಎಷ್ಟು ಬೆಳೆದ್ರು?"

ಯಜಮಾನರಿಗೆ ಕೆಮ್ಮು ಬಂತು. ಬಾಗಿಲ ಬಳಿಯಿದ್ದವನು ಪಾಪ, ತನ್ನನ್ನೇ ಕೇಳಿದರೆಂದುಕೊಂಡ. "ಎರಡು ವರ್ಷದಲ್ಲಿ ಮೂವರು ಬಂದು ಹೋದ್ರು ಮೇಡಂ. ಬೆಳೆಯೋವಷ್ಟು ದಿನ ಯಾರೂ ಇರ್ಲಿಲ್ಲ."

ಆದರೂ ಅವಳು ಬೇಡ ಅನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ಕುರ್ಚಿ ಎಳೆದುಕೊಟ್ಟಿರಲಿಲ್ಲ. ಇಬ್ಬರು ಸಹಾಯಕರು, ಬ್ಯಾಚ್ ತಡೆಯುವ ಅಧಿಕಾರ, ನೇರ ಯಜಮಾನರಿಗೇ ವರದಿ: ಈ ಮೂರನ್ನು ಬರೆದುಕೊಡಿ ಎಂದು ಕೇಳಿಕೊಂಡಳು. ಎರಡು ದಿನಕ್ಕೆ ಉತ್ತರ ಬಂತು. ಮೂರರಲ್ಲಿ ಒಂದೂ ಇರಲಿಲ್ಲ, ಹುದ್ದೆ ಮಾತ್ರ 'ಉಪಾಧ್ಯಕ್ಷೆ' ಆಗಿತ್ತು. ಇನ್ನೊಮ್ಮೆ ಬರೆದಳು. 'ಹಿರಿಯ ಉಪಾಧ್ಯಕ್ಷೆ' ಆದಳು.

"ಇನ್ನೊಂದ್ಸಲ ಕೇಳೇ, ಅಧ್ಯಕ್ಷೇನೇ ಮಾಡಿಬಿಡ್ತಾರೆ!" ಎಂದ ಗಂಡ.

"ಒಬ್ಬ ಅರ್ಧ ದಿನದ ಹುಡುಗನಿಗೆ ಅಧ್ಯಕ್ಷೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು."

ಬೇಡವೆಂದು ಬರೆದು ಹಾಕಿದಳು. ಅಲ್ಲಿಗೆ ನಿರಾಳವಾಗಬೇಕಿತ್ತು. ಆದರೆ ಮರುದಿನ ತನ್ನ ಕುರ್ಚಿಯಲ್ಲಿ ಕೂತಾಗ ಅದೇ ಪ್ರಶ್ನೆ ತಿರುಗಿ ಅವಳನ್ನೇ ಕೇಳಿತು: ಎರಡು ವರ್ಷದ ನಂತರ ಇಲ್ಲಿ ನೀನೇನು? ಇದೇ ಕುರ್ಚಿ, ಇದೇ ತಗಡು. ಮೇಲಿನ ಒಂದೇ ಮೆಟ್ಟಿಲ ಮೇಲೆ ಪರೀಕ್ಷಾ ವಿಭಾಗದ ಸಾಹೇಬರು ಕೂತಿದ್ದರು, ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು. ಹೊರಗಿನವರನ್ನು ಪೊಲೀಸಿನವರಂತೆ ವಿಚಾರಿಸಿದವಳು ತನ್ನ ಕಾರ್ಖಾನೆಯವರನ್ನು ಒಂದು ಮಾತೂ ಕೇಳಿರಲಿಲ್ಲ.

ಎರಡು ದಿನ ಅಲ್ಲಿಲ್ಲಿ ವಿಚಾರಿಸಿಕೊಂಡು, ಸಾಹೇಬರ ಕೋಣೆಗೆ ಹೋಗಿ ಅದೇ ಪ್ರಶ್ನೆ ಕೇಳಿದಳು.

"ನಾನಿರೋ ತನಕ ನಿಮಗೇನೂ ಆಗಲ್ಲ, ಹೋಗಿ" ಎಂದರು ಅವರು, ಅಭಯಹಸ್ತ ತೋರಿಸುತ್ತ.

"ಅದೇ ಸಾರ್ ನನ್ನ ತೊಂದ್ರೆ. ಹನ್ನೊಂದು ವರ್ಷದಿಂದ ಏನೂ ಆಗ್ತಿಲ್ಲ."

ಮಹಡಿಯ ಮೇಲೆ ಹೊಸ ಬಣ್ಣ ತಯಾರಿಸುವ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು, ಅದನ್ನು ತನಗೆ ಕೊಡಿ ಎಂದಳು. ಸಂಬಳ ಅಷ್ಟೇ, ಅವಳ ಈಗಿನ 'ಹಿರಿಯ ಪರೀಕ್ಷಕಿ' ಹುದ್ದೆಯ 'ಹಿರಿಯ' ಮಾತ್ರ ಹೋಗುತ್ತಿತ್ತು. ಆದರೆ ಜೊತೆಗೆ ಮೂವರು ನಿಜವಾದ ಮನುಷ್ಯರಿದ್ದರು. ಅಲ್ಲಿ ಪಳಗಿದ ಇಬ್ಬರು ಈಗ ಬೇರೆ ಘಟಕಗಳನ್ನು ನಡೆಸುತ್ತಿದ್ದರು. ಅವಳು ಅವರಿಬ್ಬರಿಗೂ ಫೋನ್ ಮಾಡಿ ವಿಚಾರಿಸಿಕೊಂಡಿದ್ದಳು.

"ಕೆಳಗಿಳೀತೀರಾ?" ಸಾಹೇಬರು ಕಣ್ಣರಳಿಸಿದರು.

"ಮಹಡಿ ಹತ್ತುತ್ತೀನಿ ಸಾರ್."

ಗಂಡ ಎರಡು ದಿನ ಮಾತು ಬಿಟ್ಟ. ಹಿರಿಯ ಉಪಾಧ್ಯಕ್ಷೆಯ ಗಂಡನಾಗಿ ಬಂಧುಗಳ ನಡುವೆ ಮೆರೆದವನು ಏನೂ ಅಲ್ಲದವಳ ಗಂಡನಾಗುವುದು ಸುಲಭವೇ?

ಮೊದಲ ತಿಂಗಳಲ್ಲೇ ಅವಳು ಕಲಸಿದ ಮೂರು ಬಣ್ಣಗಳು ಒಣಗುವಾಗ ಬಿರುಕುಬಿಟ್ಟವು. ಅಲ್ಲಿನ ಮುಖ್ಯಸ್ಥೆ ಅವಳಿಗಿಂತ ಆರು ವರ್ಷ ಚಿಕ್ಕವಳು. ಬಯ್ಯಲಿಲ್ಲ. "ಯಾಕೆ ಬಿರುಕು ಬಿಡ್ತು ಹೇಳಿ" ಎಂದಳು ಅಷ್ಟೇ. ಬಣ್ಣದಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡು, ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟಿನ ಪಾಲು ಒಂದಿಷ್ಟು ಹೆಚ್ಚಿಸಿ ನಾಲ್ಕನೆಯದನ್ನು ಕಲಸತೊಡಗಿದಳು.