ಒಬ್ಬೆಗೆ ಹನ್ನೆರಡು

ಸೋಂಪುರದ ಆ ಕಾರ್ಖಾನೆಯಲ್ಲಿ ಸಂಜೆ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ. ಟೀ ಕುಡಿಯಲು ಹದಿನೈದು ನಿಮಿಷ. ಅಷ್ಟರಲ್ಲಿ ಮೂವತ್ತೈದು ಜನಕ್ಕೆ ತಲೆಗೆ ನಾಲ್ಕರಂತೆ ಈರುಳ್ಳಿ ಪಕೋಡ ಬಿಸಿಬಿಸಿಯಾಗಿ ಸಿಗಬೇಕು. ಮೂರು ದಿನ ನೋಡುತ್ತೇವೆ, ಹಿಡಿಸಿದರೆ ಕ್ಯಾಂಟೀನಿನ ಜಗುಲಿಯಲ್ಲಿ ನಿಮಗೇ ಒಲೆ ಹಾಕಲು ಜಾಗ, ಇಲ್ಲದಿದ್ದರೆ ಮೊದಲಿನ ಹಾಗೆ ಬಿಸ್ಕತ್ತಿನ ಪೊಟ್ಟಣ ಎಂದು ಅಲ್ಲಿನ ಮೇಲ್ವಿಚಾರಕ ನವೀನ್‌ಕುಮಾರ್ ಹೇಳಿದ್ದರು. ನನ್ನ ಸೊಸೆ ರಂಜಿತ ಏಳು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದವಳು. ಈ ಒಲೆ ಒಂದು ಸಿಕ್ಕರೆ ಸಾಕು, ಇನ್ನು ಯಾರ ಗಡಿಯಾರಕ್ಕೂ ಬಾಗುವುದಿಲ್ಲ ಎಂದು ಅವಳ ಲೆಕ್ಕ. ಕೈನೆರವಿಗೆ ಪಕ್ಕದ ಮನೆಯ ಅನುಸೂಯಮ್ಮ. ಗ್ಯಾಸ್ ಸಿಲಿಂಡರಿನ ಪಕ್ಕ ಸ್ಟೂಲಿನ ಮೇಲೆ ಕೂರಲು ನಾನು.

ಮೊದಲ ದಿನ ರಂಜಿತ ಬೆಳಿಗ್ಗೆಯೇ ಈರುಳ್ಳಿ, ಕಡಲೆಹಿಟ್ಟು, ಉಪ್ಪು ಎಲ್ಲ ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದಳು. ಗಂಟೆ ಹೊಡೆಯಲು ಕಾಲು ಗಂಟೆ ಇದ್ದಾಗ ತೆಗೆದು, ಬಾಣಲೆ ಕಾಣದಷ್ಟು ಹಿಟ್ಟು ಬಿಟ್ಟಳು. ಒಂದು ಒಬ್ಬೆಗೆ, ಅಂದರೆ ಒಂದು ಸಲ ಕರಿಯುವುದಕ್ಕೆ, ನಲವತ್ತು. ಎಣ್ಣೆ ಮೊದಲು ಜೋರಾಗಿ ಕಿರುಚಿತು. ಆಮೇಲೆ ಮಾತೇ ನಿಂತವರ ಹಾಗೆ ಸುಮ್ಮನಾಗಿ, ಹಿಟ್ಟಿನ ನಡುವೆ ಗುಳುಗುಳು ಎಂದಿತು. ನನ್ನ ಕಿವಿಗೆ ಅದು ಬಿತ್ತು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಒಬ್ಬೆ ಹನ್ನೆರಡು ನಿಮಿಷ ತೆಗೆದುಕೊಂಡಿತು. ಪಕೋಡ ಹಿಡಿದ ಪೇಪರು ಆಚೆ ಬದಿ ಕಾಣುವಷ್ಟು ನೆನೆಯಿತು.

"ಇದನ್ನ ತಿಂದ್ರೆ ತಲೆಗೂ ಬೇರೆ ಎಣ್ಣೆ ಬೇಡ ಕಣಕ್ಕಾ," ಎಂದ ಒಬ್ಬ ಹುಡುಗ.

"ತಲೇಲಿ ಕೂದ್ಲಿದ್ರೆ ತಾನೇ ಹಚ್ಕೊಳೋದು, ಹೋಗಪ್ಪಾ," ಎಂದರು ಅನುಸೂಯಮ್ಮ. ಎಲ್ಲರೂ ನಕ್ಕರು. ರಂಜಿತ ನಗಲಿಲ್ಲ.

ಎರಡನೆಯ ದಿನ ಅವಳೇ ಒಂದು ಉಪಾಯ ಹುಡುಕಿದಳು. ಎಣ್ಣೆ ತಣ್ಣಗಾಗುತ್ತಿದೆ ತಾನೇ, ಮೊದಲೇ ಹೆಚ್ಚು ಕಾಯಿಸಿದರಾಯಿತು ಎಂದು ಹೊಗೆ ಏಳುವವರೆಗೂ ಕಾಯಿಸಿದಳು. ಮೊದಲು ಬಿದ್ದವು ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿದವು. ಕೊನೆಗೆ ಬಿದ್ದವು ನಿನ್ನೆಯ ಹಾಗೆಯೇ ಮೆತ್ತಗಾದವು. ನವೀನ್‌ಕುಮಾರ್ ಒಂದನ್ನು ಮುರಿದು, ಒಳಗಿನ ಹಳದಿ ಹಿಟ್ಟನ್ನು ನೋಡಿ, ಮರ್ಯಾದೆಗೆಂದು ಪೂರ್ತಿ ತಿಂದರು.

"ನಾಳೆ ಒಂದಿನ ಇದೆ ರಂಜಿತಾ ಅವ್ರೆ. ನಾನೇನ್ ಹೇಳ್ಲಿ, ಹುಡುಗ್ರು ಬಿಸ್ಕತ್ತೇ ವಾಸಿ ಅಂತವ್ರೆ."

ಮನೆಗೆ ಬಂದು ಅವಳು ಜಾಲರಿ ಸೌಟು ತೊಳೆಯುತ್ತ ನಿಂತಳು. ಬಹಳ ಹೊತ್ತು ತೊಳೆದಳು. ಆಮೇಲೆ ತಿರುಗಿ, "ಮಾವ, ನೀವು ಮೂವತ್ತು ವರ್ಷ ಹೋಟ್ಲಲ್ಲಿ ಕರ್ದಿದೀರ. ಎರಡು ದಿನದಿಂದ ಗುಮ್ಮನ ಥರ ಕೂತಿದೀರಲ್ಲ!" ಎಂದಳು.

"ನೀನು ಕೇಳ್ಲಿಲ್ವಲ್ಲಮ್ಮ."

"ಈಗ ಕೇಳ್ತಾ ಇದೀನಿ."

ಡಾಬಸ್‌ಪೇಟೆಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನಗೆ ಕರಿಯಲು ಕಲಿಸಿದವನು ಬೈರಪ್ಪ. ಅವನು ಬಾಣಲೆ ನೋಡುತ್ತಿರಲಿಲ್ಲ, ಬೆನ್ನು ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಎಣ್ಣೆಯ ಸದ್ದು ಕುಗ್ಗಿತು ಎಂದರೆ ಅಲ್ಲಿಂದಲೇ ಬೈಗುಳ. ನಾನೂ ಮೊದಮೊದಲು ಒಬ್ಬೆ ಎಂದರೆ ಬಾಣಲೆ ತುಂಬುವುದು ಎಂದೇ ತಿಳಿದಿದ್ದೆ. "ಒಬ್ಬೆ ಅಂದ್ರೆ ಬಾಂಡ್ಲಿ ಅಳತೆ ಅಲ್ಲ ಕಣೋ, ಒಲೆ ಅಳತೆ," ಎಂದು ಅವನು ಹೇಳಿದ್ದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ರಂಜಿತಳಿಗೆ ಅಷ್ಟು ಪುರಸೊತ್ತಿರಲಿಲ್ಲ.

"ನೋಡಮ್ಮ, ಎಣ್ಣೇಲಿ ಇರೋ ಕಾವು ಇಷ್ಟೇ. ತಣ್ಣಗಿರೋ ಹಿಟ್ಟು ಬಿದ್ರೆ ಕಾವನ್ನ ಎಳ್ಕೊಳ್ಳತ್ತೆ. ಅದ್ರಲ್ಲಿರೋ ನೀರು ಆವಿಯಾಗಿ ಹೋಗೋಕೆ ಇನ್ನೂ ಜಾಸ್ತಿ ಎಳ್ಕೊಳ್ಳತ್ತೆ. ಒಲೆ ಅದನ್ನ ನಿಧಾನಕ್ಕೆ ವಾಪಸ್ ಕೊಡತ್ತೆ. ಹನ್ನೆರಡು ಬಿಟ್ರೆ ಹೋದಷ್ಟು ಕಾವು ಹಿಂದೇನೆ ಬರತ್ತೆ. ನಲವತ್ತು ಬಿಟ್ರೆ ಎಲ್ಲಿಂದ ಬರತ್ತೆ?"

"ಎಣ್ಣೆ ಕುಡಿಯೋದ್ಯಾಕೆ ಮತ್ತೆ?"

"ಕಾವಿದ್ರೆ ಹೊರಗಿನ ಸಿಪ್ಪೆ ಬೇಗ ಗಟ್ಟಿಯಾಗತ್ತೆ, ಒಳಗಿನ ಆವಿ ಎಣ್ಣೇನ ಆಚೆ ತಳ್ತಾ ಇರತ್ತೆ. ಕಾವಿಲ್ದೆ ಹೋದ್ರೆ ಅದು ಎಣ್ಣೇಲಿ ಸ್ನಾನ ಮಾಡ್ಕೊಂಡು ಕೂರತ್ತೆ. ಕೂತಷ್ಟೂ ನೆನೆಯತ್ತೆ."

ಅವಳು ನಂಬಲಿಲ್ಲ. ನಂಬದಿರುವುದೇ ಒಳ್ಳೆಯದು, ಮಾಡಿ ನೋಡುತ್ತಾರೆ. ಮರುದಿನ ಬೆಳಿಗ್ಗೆ ಮನೆಯ ಒಲೆಯ ಮೇಲೆ ಅದೇ ಬಾಣಲೆ ಇಟ್ಟು ಹನ್ನೆರಡೇ ಬಿಟ್ಟಳು. ಹಿಟ್ಟನ್ನು ಫ್ರಿಜ್ಜಿಗೆ ಇಡಲಿಲ್ಲ. ಉಪ್ಪು ಹಾಕಿ ಬಹಳ ಹೊತ್ತು ಇಟ್ಟರೆ ಈರುಳ್ಳಿ ನೀರು ಬಿಡುತ್ತದೆಂದು ಆಗಲೇ ಕಲಸಿದಳು. ಅನುಸೂಯಮ್ಮ ಮೊಬೈಲಿನಲ್ಲಿ ಹೊತ್ತು ನೋಡಿದರು. ನಾಲ್ಕು ನಿಮಿಷ. ಎಣ್ಣೆ ಒಮ್ಮೆಯೂ ಸುಮ್ಮನಾಗಲಿಲ್ಲ. ತಟ್ಟೆಗೆ ಬಿದ್ದಾಗ ಟಣ್ ಎಂದಿತು.

"ನಲವತ್ತಕ್ಕೆ ಹನ್ನೆರಡು ನಿಮಿಷ, ಹನ್ನೆರಡಕ್ಕೆ ನಾಲ್ಕು. ಹೆಚ್ಚುಕಮ್ಮಿ ಒಂದೇ ಆಯ್ತಲ್ಲ!" ಎಂದಳು ರಂಜಿತ. ಬಾಣಲೆ ತುಂಬಿಸಿದ್ದರಿಂದ ಉಳಿದ ಹೊತ್ತು ಏನೂ ಇರಲಿಲ್ಲ.

"ಆದ್ರೂ ಹದಿನೈದು ನಿಮಿಷದಲ್ಲಿ ನೂರ ನಲವತ್ತು ಹೆಂಗಮ್ಮ?" ಎಂದರು ಅನುಸೂಯಮ್ಮ.

ಬೈರಪ್ಪ ಶನಿವಾರ ಸಂತೆಗೆ ಏನು ಮಾಡುತ್ತಿದ್ದ ಎಂಬುದು ನನಗೆ ನೆನಪಿತ್ತು. ಹೇಳಿದೆ.

ಮೂರನೆಯ ದಿನ ಮೂರು ಗಂಟೆಗೇ ಕ್ಯಾಂಟೀನಿನ ಹಿಂದೆ ಒಲೆ ಹಚ್ಚಿದಳು. ಹನ್ನೆರಡು ಹನ್ನೆರಡಾಗಿ, ಬಣ್ಣ ಬರುವ ಮೊದಲೇ ಮುಕ್ಕಾಲು ಬೆಂದದ್ದನ್ನು ತೆಗೆದು ಬಿದಿರು ಮೊರದ ಮೇಲೆ ಹರಡಿದಳು. ಮುಚ್ಚಲಿಲ್ಲ. ಮುಚ್ಚಿದರೆ ಅದರ ಬೆವರೇ ಅದನ್ನು ಮೆತ್ತಗೆ ಮಾಡುತ್ತದೆ. ಒಂದೊಂದು ಒಬ್ಬೆಯ ನಡುವೆ ಒಂದು ಹನಿ ಹಿಟ್ಟು ಬಿಟ್ಟು ನೋಡುವಳು. ತಕ್ಷಣ ಗುಳ್ಳೆ ಎದ್ದು ಮೇಲೆ ಬಂದರೆ ಮಾತ್ರ ಮುಂದಿನದು.

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ನವೀನ್‌ಕುಮಾರ್ ಬಂದರು. ಮೊರದಲ್ಲಿ ಬೆಳ್ಳಗಿನ ಪಕೋಡದ ರಾಶಿ, ಬಾಣಲೆಯಲ್ಲಿ ಕೊನೆಯ ಒಬ್ಬೆಯ ಹನ್ನೆರಡು ಚೂರು. ಅವರ ಮುಖ ಬಿದ್ದುಹೋಯಿತು.

"ಏನ್ರೀ ಇದು, ಇವೆಲ್ಲ ಹಸಿ! ಬಾಂಡ್ಲಿ ಅರ್ಧ ಖಾಲಿ ಇದೆ, ಎಲ್ಲಾ ಒಟ್ಟಿಗೆ ಹಾಕ್ರಿ, ಗಂಟೆ ಹೊಡೀತು ಅಂದ್ರೆ ಬರ್ತಾರೆ!" ಎಂದು ಮೊರಕ್ಕೇ ಕೈ ಹಾಕಿದರು.

ರಂಜಿತ ಸೌಟನ್ನು ಅವರ ಕೈಯ ಅಡ್ಡ ಇಟ್ಟಳು. "ಸಾರ್, ಕೈ ತೆಗೀರಿ. ಎಣ್ಣೆ ಸುಮ್ಮನಾಗ್ಬಿಡುತ್ತೆ."

"ಎಣ್ಣೆ ಸುಮ್ಮನಾಗೋದು ಅಂದ್ರೆ?"

"ಕಿವಿ ಕೊಟ್ಟು ಕೇಳಿ ಸಾರ್."

ಅವರು ಕೇಳಿದರೋ ಇಲ್ಲವೋ, ಕೈ ಮಾತ್ರ ತೆಗೆದರು. ಗಂಟೆ ಹೊಡೆಯಿತು. ಮೊರದಲ್ಲಿದ್ದವನ್ನು ಈಗ ಮೂವತ್ತು ಮೂವತ್ತಾಗಿ ಎರಡನೆಯ ಸಲ ಬಿಟ್ಟಳು. ಅವು ತಣ್ಣಗಿರಲಿಲ್ಲ, ಅರ್ಧಕ್ಕರ್ಧ ನೀರು ಆಗಲೇ ಹೋಗಿತ್ತು. ಎಣ್ಣೆಗೆ ಅಷ್ಟು ಭಾರವಾಗಲಿಲ್ಲ, ಸದ್ದು ಸಣ್ಣಗಾದರೂ ನಿಲ್ಲಲಿಲ್ಲ. ಎರಡು ನಿಮಿಷಕ್ಕೆ ಒಂದು ಒಬ್ಬೆ, ಕೆಂಪಗೆ.

ನಿನ್ನೆ ಬಿಸ್ಕತ್ತೇ ವಾಸಿ ಎಂದಿದ್ದ ಹುಡುಗರು ಸಾಲಾಗಿ ನಿಂತರು. ಜಗುಲಿಯ ತುಂಬ ಕರುಂ ಕುರುಂ ಒಂದೇ.

"ಪೇಪರ್ರೇ ನೆನೀತಾ ಇಲ್ವಲ್ಲ ಅಕ್ಕಾ, ಇವತ್ತು ತಲೆಗೆ ಏನ್ ಹಚ್ಚೋದು?" ಎಂದ ಅದೇ ಹುಡುಗ.

"ಮೊದ್ಲು ತಿನ್ನೋ," ಎಂದರು ಅನುಸೂಯಮ್ಮ, ಅವನ ಕೈಗೆ ಐದನೆಯದೊಂದು ಹಾಕಿ.

ನವೀನ್‌ಕುಮಾರ್ ಗೋಡೆಗೆ ಒರಗಿ ಮೂರು ತಿಂದರು. ಆಮೇಲೆ ಜಗುಲಿಯ ಒಂದು ಮೂಲೆಯನ್ನು ಕಾಲಿನಲ್ಲೇ ಅಳೆದು, "ಇಲ್ಲಿ ಒಲೆ ಇಟ್ರೆ ಗಾಳಿ ಬಡಿಯಲ್ವೇನ್ರೀ?" ಎಂದು ಕೇಳಿದರು.

ರಂಜಿತ ನನ್ನ ಕಡೆ ನೋಡಿದಳು. ನಾನು ಬೈರಪ್ಪನ ಹಾಗೆ ಬೆನ್ನು ತಿರುಗಿಸಿ ಎಣ್ಣೆಗೆ ಕಿವಿ ಕೊಟ್ಟು ಕೂತಿದ್ದೆ, ಕೊನೆಯ ಒಬ್ಬೆ ಇನ್ನೂ ಬಾಣಲೆಯಲ್ಲಿತ್ತು.

"ಗಾಳಿಗೊಂದು ತಗಡು ಅಡ್ಡ ಇಟ್ಕೋತೀನಿ ಸಾರ್," ಎಂದು ಅವಳೇ ಹೇಳಿದಳು.