ಎರಡು ಹತ್ತರ ಹಲೋ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವವನಿಗೆ, ಹೆಂಡತಿ ತೀರಿಕೊಂಡು ಮೂರು ತಿಂಗಳಾದರೂ, ರಾತ್ರಿ ಎರಡು ಹತ್ತಕ್ಕೆ ಸರಿಯಾಗಿ ಎಚ್ಚರವಾಗುತ್ತಿತ್ತು. ಯಾರೋ ಭುಜ ಮುಟ್ಟಿದಂತಾಗಿ ಕಣ್ಣು ಬಿಟ್ಟರೆ ಪಕ್ಕದ ದಿಂಬು ಒಂದು ಸುಕ್ಕೂ ಇಲ್ಲದೆ ಇರುತ್ತಿತ್ತು. ಅದನ್ನು ನೋಡಲು ಅವನಿಗೆ ಭಯ. ಆದ್ದರಿಂದ ಫೋನ್ ನೋಡುತ್ತಿದ್ದ.

ಫೋನಿನಲ್ಲೂ ಊರೆಲ್ಲ ಮಲಗಿರುತ್ತಿತ್ತು. ಅವನು ತೆರೆದು ನೋಡಿದವರಲ್ಲಿ, ಅಂಗಡಿಯ ಕೌಂಟರಿನಲ್ಲಿ ಕೂರುವ ಹುಡುಗಿಯ ಹೆಸರಿನ ಕೆಳಗೆ ಮಾತ್ರ 'ಆನ್‌ಲೈನ್' ಅಂತ ಇರುತ್ತಿತ್ತು. ಇವಳೂ ಎದ್ದಿದ್ದಾಳಲ್ಲ, ಒಂದು ಹಲೋ ಅಂದರೆ ಗಂಟೇನು ಹೋಗುತ್ತೆ ಅಂದುಕೊಂಡು 'ಹಲೋ' ಕಳಿಸಿದ. ಕಳಿಸಿದ ಮರುನಿಮಿಷವೇ ನಾಚಿಕೆಯಾಗಿ ಅಳಿಸಿಬಿಟ್ಟ. ಅಳಿಸಿದರೆ ಮುಗಿಯಿತು ಅಂದುಕೊಂಡ ಮಹಾನುಭಾವ. ನಾಲ್ಕು ರಾತ್ರಿ ಇದೇ ಕತೆ.

ಐದನೆಯ ದಿನ ಮಧ್ಯಾಹ್ನ ಅವಳು ಹಿಂದಿನ ಕೋಣೆಗೆ ಬಂದು ಫೋನ್ ಮುಂದೆ ಹಿಡಿದಳು. 'ಈ ಸಂದೇಶವನ್ನು ಅಳಿಸಲಾಗಿದೆ.' ಅದೇ ಸಾಲು ನಾಲ್ಕು ಸಲ, ಎಲ್ಲದರ ಪಕ್ಕದಲ್ಲೂ ಎರಡು ಗಂಟೆ ಚಿಲ್ಲರೆ.

"ಅಣ್ಣಾ, ಮನೇಲಿ ನಮ್ಮೆಜಮಾನ್ರು ನೋಡಿದ್ದಾರೆ. ಏನು ಬರೆದಿದ್ರು ಅಂತ ಕೇಳ್ತಿದ್ದಾರೆ. ಇದ್ದ ಮಾತಾದ್ರೆ ತೋರಿಸ್ತಿದ್ದೆ. ಇಲ್ಲದ್ದನ್ನ ಹೇಗೆ ತೋರಿಸ್ಲಿ?"

"ಬರೀ ಹಲೋ ಅಂತ ಇತ್ತಮ್ಮಾ, ಆಣೆಗೂ."

"ಹಗಲೆಲ್ಲ ಹತ್ತಡಿ ದೂರದಲ್ಲಿ ಇರ್ತೀರಿ, ಆಗ ಹೇಳದ ಹಲೋ ರಾತ್ರಿ ಯಾಕೆ ಅಂತಾರೆ ಅವರು. ನಾಳೆಯಿಂದ ಕೆಲಸ ಬೇಡ ಅಂತಿದ್ದಾರೆ."

"ನೀನೂ ಎದ್ದಿದ್ದೆ, ಅದಕ್ಕೇ..."

"ಮಗೂಗೆ ಹಾಲು ಕುಡಿಸೋಕೆ ಎದ್ದಿರ್ತೀನಿ ಅಣ್ಣಾ. ಎದ್ದಿದ್ದೀನಿ ಅಂದ್ರೆ ಬಾಗಿಲು ತೆಗೆದಿದ್ದೀನಿ ಅಂತಲ್ಲ." ಅವಳ ಕಣ್ಣು ತುಂಬಿತ್ತು. "ನಿದ್ದೆ ಬರಲ್ಲ ಅಂತ ಹಗಲೇ ಹೇಳಿದ್ರೆ ನಾನೂ ನಮ್ಮೆಜಮಾನ್ರೂ ಕೂತು ಕೇಳ್ತಿದ್ವಿ. ಆ ಹೊತ್ತಲ್ಲಿ ಬರೀ ಹಲೋ ಅಂದ್ರೆ, ಮಿಕ್ಕಿದ್ದನ್ನ ಓದೋರು ಊಹಿಸಿಕೊಳ್ಬೇಕು. ಕೆಟ್ಟದ್ದೇ ಊಹಿಸ್ತಾರೆ."

ಅವನ ಕೈಯಲ್ಲಿದ್ದ ಲೆನ್ಸ್ ಜಾರಿ ನೀರಿನ ತಟ್ಟೆಗೆ ಬಿತ್ತು. ಊಹಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ತೀರಿಕೊಂಡ ರಾತ್ರಿ ಆಸ್ಪತ್ರೆಯಲ್ಲಿ ಅವಳ ಜೊತೆ ಮಲಗಿದ್ದವರು ಅವಳ ಅಕ್ಕ. ಎರಡು ಹತ್ತಕ್ಕೆ ಅವರಿಂದ ಒಂದು 'ಹಲೋ' ಬಂದಿತ್ತು. ಫೋನಿನ ಲಾಕ್ ತೆಗೆಯದೆ ಪರದೆಯ ಮೇಲೇ ಅದನ್ನು ಓದಿದ್ದ. ಇದೇನು ಹೊತ್ತಲ್ಲದ ಹೊತ್ತಲ್ಲಿ, ಅವಸರವಾಗಿದ್ದರೆ ಫೋನೇ ಮಾಡುತ್ತಿದ್ದರು ಅಂತ ಗೊಣಗಿ ಮಗ್ಗುಲಾಗಿದ್ದ. ಮೂರು ಗಂಟೆಗೆ ಫೋನೂ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆ ಹದಿನೈದು ನಿಮಿಷದ ದಾರಿ. ಸಂದೇಶ ತೆರೆದಿರಲಿಲ್ಲವಾದ್ದರಿಂದ ಓದಿದ ಗುರುತು ಬಿದ್ದಿರಲಿಲ್ಲ, ಪಾಪ ನಿದ್ದೆಯಲ್ಲಿದ್ದರು ಅಂತಲೇ ಎಲ್ಲರೂ ನಂಬಿದರು.

ಸಂಜೆ ಅವನು ಹುಡುಗಿಯ ಮನೆಗೆ ಹೋದ. ಅವಳ ಗಂಡನೆದುರು ಕೂತು ತಪ್ಪೊಪ್ಪಿಕೊಂಡ. ಯಾಕೆ ಅಂತ ಕೇಳಿದಾಗ, ಯಾರಿಗೂ ಹೇಳದ ಆ ರಾತ್ರಿಯ ಸಂಗತಿಯನ್ನೂ ಹೇಳಿಬಿಟ್ಟ.

"ನಾಳೆ ಅವಳು ಕೆಲಸಕ್ಕೆ ಬರ್ತಾಳೆ. ಇನ್ನೊಂದ್ಸಲ ಮಾತ್ರ ಬೇಡ," ಅಂದ ಗಂಡ. ಬಾಗಿಲವರೆಗೆ ಬಂದು ಕೇಳಿದ, "ಇದನ್ನ ನನಗೆ ಹೇಳಿ ಏನು ಬಂತು? ಆ ಅಕ್ಕನಿಗೆ ಹೇಳಿದ್ರಾ?"

ಅದೇ ದಿನ ರಾತ್ರಿ ಎರಡು ಹತ್ತಕ್ಕೆ ಎಚ್ಚರವಾದಾಗ ದಿಂಬಿನ ಕಡೆಯಿಂದ ಉಸಿರು ಕೇಳಿದಂತಾಯಿತು. ಅವನು ಫೋನ್ ತೆಗೆದು ಬರೆದ: 'ಅಕ್ಕಾ, ಗಾಬರಿ ಆಗ್ಬೇಡಿ, ಎಲ್ಲ ಸರಿ ಇದೆ. ಉತ್ತರ ಬೆಳಿಗ್ಗೆ ಕೊಟ್ರೆ ಸಾಕು. ಆ ರಾತ್ರಿ ನಿಮ್ಮ ಹಲೋ ನಾನು ನೋಡಿದ್ದೆ. ನೋಡಿಯೂ ಮಲಗಿಬಿಟ್ಟೆ.'

ಕಳಿಸಿದ. ಅಳಿಸುವ ಆಸೆಯಾಯಿತು, ಹಲ್ಲು ಕಚ್ಚಿ ತಡೆದುಕೊಂಡ. ಓದಿದ ಗುರುತಿನ ಎರಡು ಗೀಟು ಕೂಡಲೇ ನೀಲಿಯಾದವು. 'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು, ನಿಂತಿತು, ಮತ್ತೆ ಬಂತು. ಆ ಮೂರು ನಿಮಿಷದಲ್ಲಿ ಅವನು ನೂರು ಶಾಪಗಳನ್ನು ತಾನೇ ಊಹಿಸಿಕೊಂಡ.

'ಆ ರಾತ್ರಿ ಅವಳು ನಿಮ್ಮನ್ನ ಕೇಳ್ತಿದ್ಲು. ಫೋನ್ ಮಾಡು ಅಂದ್ಲು. ಅಪರಾತ್ರಿಲಿ ಫೋನ್ ಮಾಡಿದ್ರೆ ಏನಂದ್ಕೊಳ್ತೀರೋ ಅಂತ ನನಗೆ ಸಂಕೋಚ. ಎದ್ದಿದ್ದಾರಾ ನೋಡೋಣ ಅಂತ ಹಲೋ ಹಾಕಿದೆ. ಉತ್ತರ ಬರ್ಲಿಲ್ಲ. ಮಲಗ್ಲಿ ಪಾಪ ಅಂತ ಬಿಟ್ಟೆ. ನೀವು ದಿನಾ ಈ ಹೊತ್ತಿಗೆ ಆನ್‌ಲೈನ್ ಇರೋದು ನೋಡ್ತೀನಿ. ಇದನ್ನ ಬರೆಯೋದು, ಕಳಿಸದೆ ಅಳಿಸೋದು, ಇದೇ ಆಗಿದೆ ನಂದು.'

ಅವನು ಉತ್ತರ ಬರೆಯಲಿಲ್ಲ. ಫೋನ್ ಮಾಡಿದ. ಮೊದಲ ರಿಂಗಿಗೇ ಅಕ್ಕ ಎತ್ತಿದರು. ಇಬ್ಬರಲ್ಲಿ ಯಾರಿಗೂ ಹಲೋ ಅನ್ನಲು ಧೈರ್ಯವಾಗಲಿಲ್ಲ.